ಎರವಲು ತಂದ ಪ್ಯಾರಾವನ್ನು ಹೊಸದಾಗಿ ಬರೆಯುವುದು ಹೇಗೆ: ಒಂದು ಕೆರೆಯ ಉದಾಹರಣೆ

ಒಮ್ಮೆ ವಿದ್ಯಾರ್ಥಿಯೊಬ್ಬನ ಪ್ರಾಜೆಕ್ಟ್ ವರದಿಯಲ್ಲಿ ಒಂದು ವಾಕ್ಯ ಸಿಕ್ಕಿತು: ‘ಮೇಲಿನ ಜಲಾಶಯದ ಕೋಡಿ ಒಡೆದಾಗ ಹರಿಯುವ ಜಲವು ಕೆಳಗಿನ ಜಲಾಶಯವನ್ನು ತಲುಪುತ್ತಿತ್ತು.’ ಹಳ್ಳಿಯಲ್ಲಿ ಬೆಳೆದವರು ಇದನ್ನು ಓದಿ ಬೆಚ್ಚುತ್ತಾರೆ. ಕೆರೆ ಕೋಡಿ ಬಿದ್ದರೆ ಊರಿಗೆ ಸಂಭ್ರಮ, ಬಾಗಿನ ಕೊಡುವ ದಿನ. ಕೋಡಿ ಒಡೆದರೆ ಅನಾಹುತ, ಗದ್ದೆಗಳು ಕೊಚ್ಚಿಹೋಗುವ ದಿನ. ಹುಡುಗನಿಗೆ ಇದು ತಿಳಿಯದ ಸಂಗತಿಯೇನಲ್ಲ, ಅವನೂ ಕೆರೆಯ ಊರಿನವನೇ. ಪುಸ್ತಕವನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು, ಒಂದೊಂದೇ ಪದವನ್ನು ಬದಲಿಸುತ್ತಾ ಹೋಗಿದ್ದ. ‘ಬಿದ್ದಾಗ’ ಎಂಬುದಕ್ಕೆ ಬೇರೆ ಪದ ಬೇಕಾಗಿತ್ತು, ‘ಒಡೆದಾಗ’ ಎಂದು ಹಾಕಿದ.

ವರದಿ, ಪ್ರಬಂಧ, ಪಿಎಚ್‌.ಡಿ. ಅಧ್ಯಾಯ ಬರೆಯುವವರಲ್ಲಿ ಹೆಚ್ಚಿನವರು ‘ನಿಮ್ಮ ಮಾತಿನಲ್ಲಿ ಬರೆಯಿರಿ’ ಎಂಬ ಸೂಚನೆಯನ್ನು ಹೀಗೇ ಪಾಲಿಸುತ್ತಾರೆ. ಪದ ಬದಲಾಗುತ್ತದೆ, ವಾಕ್ಯಗಳ ಸಾಲು ಹಾಗೇ ಉಳಿಯುತ್ತದೆ, ಅರ್ಥ ಕೆಡುತ್ತದೆ. ಇದನ್ನು ನಾನು ತೇಪೆ ಬರಹ ಎನ್ನುತ್ತೇನೆ. ಇದರ ಬದಲು ಏನು ಮಾಡಬೇಕೆಂಬುದನ್ನು ಒಂದೇ ಒಂದು ಪ್ಯಾರಾ ಹಿಡಿದು, ಹಂತ ಹಂತವಾಗಿ ತೋರಿಸುತ್ತೇನೆ.

ಮೂಲ ಪ್ಯಾರಾ

ಇದು ಈ ಲೇಖನಕ್ಕೆಂದು ನಾನೇ ಬರೆದ ಪ್ಯಾರಾ. ಇದು 2009ರಲ್ಲಿ ಅಚ್ಚಾದ ಪುಸ್ತಕವೊಂದರ 42ನೆಯ ಪುಟದಲ್ಲಿದೆ ಎಂದೂ ಅದನ್ನು ಬರೆದವರ ಹೆಸರು ‘ಲೇಖಕ’ ಎಂದೂ ಇಟ್ಟುಕೊಳ್ಳೋಣ.

‘ಹಳೆಯ ಮೈಸೂರು ಪ್ರದೇಶದ ಕೆರೆಗಳು ಒಂಟಿಯಾಗಿ ನಿಂತವಲ್ಲ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದಾಗ ಹರಿಯುವ ನೀರು ಕೆಳಗಿನ ಕೆರೆಯನ್ನು ಸೇರುವಂತೆ ಅವುಗಳನ್ನು ಸರಪಳಿಯ ಕೊಂಡಿಗಳ ಹಾಗೆ ಕಟ್ಟಲಾಗಿತ್ತು. ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುವುದು ನೀರುಗಂಟಿಯ ಕೆಲಸವಾಗಿತ್ತು. ಬೇಸಿಗೆಯಲ್ಲಿ ಹೂಳೆತ್ತುವುದು ಊರವರ ಹೊಣೆಯಾಗಿತ್ತು. ಕೆರೆಗಳ ಉಸ್ತುವಾರಿ ಸರ್ಕಾರದ ಇಲಾಖೆಗಳಿಗೆ ಹೋದ ಮೇಲೆ ಈ ಹೊಣೆ ಸಡಿಲವಾಯಿತು. ಊರಿನ ಕೈ ತಪ್ಪಿದ ಕೆರೆ ಇಲಾಖೆಯ ಕೈಗೆ ಹತ್ತಲೇ ಇಲ್ಲ. ಕೊಳವೆಬಾವಿಗಳು ಬಂದ ಮೇಲಂತೂ ಕೆರೆಯ ನೀರನ್ನು ನೆಚ್ಚುವವರೇ ಕಡಿಮೆಯಾಗಿ, ಕೆರೆಗಳು ಹೂಳು ತುಂಬಿಕೊಂಡು ನಿಂತವು.’

ಇದರ ತೇಪೆ ರೂಪ ಹೀಗಿರುತ್ತದೆ:

‘ಹಿಂದಿನ ಮೈಸೂರು ಸೀಮೆಯ ಜಲಾಶಯಗಳು ಏಕಾಂಗಿಯಾಗಿರಲಿಲ್ಲ. ಮೇಲಿನ ಜಲಾಶಯದ ಕೋಡಿ ಒಡೆದಾಗ ಹರಿಯುವ ಜಲವು ಕೆಳಗಿನದನ್ನು ತಲುಪುವಂತೆ ಅವುಗಳನ್ನು ಸಂಕೋಲೆಯ ಕೊಂಡಿಗಳಂತೆ ನಿರ್ಮಿಸಲಾಗಿತ್ತು. ಹೊಲಗಳಿಗೆ ನೀರು ವಿತರಿಸುವುದು ನೀರಾವರಿ ನೌಕರನ ಕಾರ್ಯವಾಗಿತ್ತು.’

ಕನ್ನಡದಲ್ಲಿ ಈ ಆಟ ಬಹಳ ಸುಲಭ. ಅಚ್ಚಗನ್ನಡದ ಪದವೊಂದಿದ್ದರೆ ಅದರ ಪಕ್ಕದಲ್ಲೇ ಸಂಸ್ಕೃತದ ಜೋಡಿ ಕಾದಿರುತ್ತದೆ: ನೀರಿಗೆ ಜಲ, ಕೆಲಸಕ್ಕೆ ಕಾರ್ಯ, ಕಟ್ಟುವುದಕ್ಕೆ ನಿರ್ಮಾಣ. ಆದರೆ ಇಲ್ಲಿ ಏನೇನು ಹಾಳಾಗಿದೆ ನೋಡಿ. ‘ಜಲಾಶಯ’ ಎಂದ ಕೂಡಲೇ ಇಂದಿನ ಓದುಗನ ಕಣ್ಣ ಮುಂದೆ ಅಣೆಕಟ್ಟು ನಿಲ್ಲುತ್ತದೆ. ನೀರುಗಂಟಿ ಊರು ನೇಮಿಸಿಕೊಂಡ ಮನುಷ್ಯ. ಅವನನ್ನು ‘ನೀರಾವರಿ ನೌಕರ’ ಮಾಡಿದರೆ ಇಲಾಖೆ ಬರುವ ಮೊದಲೇ ಇಲಾಖೆಯ ನೌಕರ ಬಂದಂತಾಯಿತು, ಮೂಲದ ವಾದವೇ ತಲೆಕೆಳಗಾಯಿತು. ಗದ್ದೆ ಹೊಲವಾಗಿದೆ. ಇಷ್ಟೆಲ್ಲ ಕೆಡಿಸಿದ ಮೇಲೂ ವಾಕ್ಯಗಳ ಅನುಕ್ರಮ, ಹೋಲಿಕೆ, ವಾದದ ನಡೆ ಎಲ್ಲವೂ ಲೇಖಕರದೇ. ಕೊನೆಯಲ್ಲಿ ಅವರ ಹೆಸರು ಹಾಕಿದರೂ ಇದು ಸರಿಹೋಗುವುದಿಲ್ಲ. ಹೆಸರು ಹಾಕಿದಾಗ ಓದುಗ ‘ವಿಚಾರ ಅವರದು, ಬರಹ ಇವನದು’ ಎಂದು ನಂಬುತ್ತಾನೆ. ಇಲ್ಲಿ ಬರಹವೂ ಅವರದೇ.

ಮೊದಲ ಹಂತ: ಈ ಪ್ಯಾರಾ ನಿಮಗೆ ಏಕೆ ಬೇಕು?

ಪೆನ್ನು ಹಿಡಿಯುವ ಮೊದಲು ಈ ಪ್ರಶ್ನೆಗೆ ಒಂದೇ ವಾಕ್ಯದಲ್ಲಿ ಉತ್ತರ ಬರೆಯಿರಿ. ನಮ್ಮ ಉದಾಹರಣೆಯ ವಿದ್ಯಾರ್ಥಿನಿ ತನ್ನ ತಾಲ್ಲೂಕಿನ, ಒಂದರ ಕೆಳಗೊಂದು ಇರುವ ಮೂರು ಕೆರೆಗಳನ್ನು ನೋಡಿ ಬಂದಿದ್ದಾಳೆ. ನಡುವಿನ ಕೆರೆ ಬತ್ತಿದೆ. ಅವಳ ಉತ್ತರ: ‘ನಡುವಿನ ಕೆರೆ ಏಕೆ ಬತ್ತಿತು ಎಂದು ವಿವರಿಸಲು ನನಗೆ ಈ ಪ್ಯಾರಾ ಬೇಕು.’

ಈ ಒಂದು ಸಾಲು ಮುಂದಿನ ಕೆಲಸದ ಅರ್ಧವನ್ನು ಮುಗಿಸುತ್ತದೆ. ಮೂಲದ ಪ್ಯಾರಾ ಉತ್ತರಿಸುತ್ತಿರುವ ಪ್ರಶ್ನೆ ಬೇರೆ, ‘ಹಳೆಯ ಮೈಸೂರಿನ ಕೆರೆ ವ್ಯವಸ್ಥೆ ಹೇಗಿತ್ತು, ಹೇಗೆ ಕೆಟ್ಟಿತು’ ಎಂಬುದು. ಅದು ವ್ಯವಸ್ಥೆಯಿಂದ ಶುರುವಾಗಿ ಅವನತಿಯಲ್ಲಿ ಮುಗಿಯುತ್ತದೆ. ಅವಳ ಪ್ಯಾರಾ ಒಂದು ಬತ್ತಿದ ಕೆರೆಯಿಂದ ಶುರುವಾಗಬೇಕು. ಪ್ರಶ್ನೆ ಬೇರೆಯಾದರೆ ವಾಕ್ಯಗಳ ಸಾಲು ತಾನಾಗಿಯೇ ಬೇರೆಯಾಗುತ್ತದೆ, ಅದಕ್ಕಾಗಿ ನಿಘಂಟು ತಡಕಬೇಕಿಲ್ಲ. ಉತ್ತರವೇ ಹೊಳೆಯದಿದ್ದರೆ, ಪುಟ ತುಂಬಿಸಲೆಂದು ಆ ಪ್ಯಾರಾವನ್ನು ತಂದಿದ್ದೀರಿ ಎಂದರ್ಥ. ಬಿಟ್ಟುಬಿಡಿ.

ಎರಡನೆಯ ಹಂತ: ಚೀಟಿ

ಒಂದು ಸಣ್ಣ ಚೀಟಿ ತೆಗೆದುಕೊಳ್ಳಿ. ಮೊದಲ ಸಾಲಿನಲ್ಲೇ ಲೇಖಕರ ಹೆಸರು, ವರ್ಷ, ಪುಟಸಂಖ್ಯೆ ಬರೆಯಿರಿ. ಆಮೇಲೆ ಬರೆದರಾಯಿತು ಎಂದುಕೊಂಡವರು ಸಲ್ಲಿಕೆಯ ಹಿಂದಿನ ರಾತ್ರಿ ಗ್ರಂಥಾಲಯದ ಬಾಗಿಲ ಮುಂದೆ ನಿಂತಿದ್ದನ್ನು ನೋಡಿದ್ದೇನೆ. ನಂತರ ಪ್ಯಾರಾದಲ್ಲಿರುವ ಹೇಳಿಕೆಗಳನ್ನು ಪೂರ್ತಿ ವಾಕ್ಯ ಮಾಡದೆ, ತುಣುಕುಗಳಾಗಿ ಗುರುತಿಸಿಕೊಳ್ಳಿ:

ಲೇಖಕ 2009, ಪು. 42
ಕೆರೆಗಳು ಸರಣಿ, ಮೇಲಿನದರ ಹೆಚ್ಚುವರಿ ಕೆಳಕ್ಕೆ (ವಿವರಣೆ)
ಹಂಚಿಕೆ ನೀರುಗಂಟಿ, ಹೂಳು ಊರವರು (ವಿವರಣೆ)
ಇಲಾಖೆಗೆ ಹೋದದ್ದರಿಂದ ಊರಿನ ಹೊಣೆ ಸಡಿಲ (ಲೇಖಕರ ವಾದ)
ಕೊಳವೆಬಾವಿ ಬಂದು ಅವಲಂಬನೆ ಕಡಿಮೆ, ಹೂಳು (ಲೇಖಕರ ವಾದ)
‘ಊರಿನ ಕೈ ತಪ್ಪಿದ ಕೆರೆ ಇಲಾಖೆಯ ಕೈಗೆ ಹತ್ತಲೇ ಇಲ್ಲ’ (ಅವರದೇ ಮಾತು, ಹಾಗೇ)

ಕೊನೆಯ ಸಾಲಿನ ಉದ್ಧರಣ ಚಿಹ್ನೆಯನ್ನು ಗಮನಿಸಿ. ಮೂಲದ ಮಾತನ್ನು ಅಕ್ಷರಶಃ ಬರೆದುಕೊಂಡರೆ ಚೀಟಿಯಲ್ಲೇ ಚಿಹ್ನೆ ಹಾಕಬೇಕು. ಉದ್ದೇಶವಿಲ್ಲದೆ ನಡೆಯುವ ಕೃತಿಚೌರ್ಯಕ್ಕೆ ನಾನು ಕಂಡ ಅತಿ ಸಾಮಾನ್ಯ ಕಾರಣ ಚಿಹ್ನೆಯಿಲ್ಲದ ಟಿಪ್ಪಣಿಗಳೇ. ಮೂರು ತಿಂಗಳ ನಂತರ ಆ ಸಾಲು ತನ್ನದೇ ಎಂದು ಬರೆದವನಿಗೇ ಅನ್ನಿಸಿಬಿಡುತ್ತದೆ.

ಕಂಸದಲ್ಲಿ ‘ವಿವರಣೆ’, ‘ವಾದ’ ಎಂದು ಬೇರ್ಪಡಿಸಿರುವುದಕ್ಕೂ ಕಾರಣವಿದೆ. ಹಳೆಯ ಮೈಸೂರಿನಲ್ಲಿ ಕೆರೆ ನೀರಾವರಿ ಇತ್ತು ಎಂಬುದು ಎಲ್ಲರಿಗೂ ತಿಳಿದ ಸಂಗತಿ, ಅದಕ್ಕೆ ಯಾರ ಹೆಸರೂ ಬೇಕಿಲ್ಲ. ಅದು ಏಕೆ ಕೆಟ್ಟಿತು ಎಂಬುದು ಯಾರೋ ಒಬ್ಬರು ಯೋಚಿಸಿ ಮುಟ್ಟಿದ ತೀರ್ಮಾನ. ‘ಏಕೆ’ ಎಂಬುದಕ್ಕೆ ಉತ್ತರ ಎರವಲು ತಂದಾಗಲೆಲ್ಲ ಹೆಸರು ಹೇಳಲೇಬೇಕು, ಒಂದು ಪದವೂ ಹೊಂದದಿದ್ದರೂ ಸರಿ.

ಮೂರನೆಯ ಹಂತ: ಪುಸ್ತಕ ಮುಚ್ಚಿ, ಯಾರಿಗಾದರೂ ಹೇಳಿ

ಪುಸ್ತಕವನ್ನು ಮುಚ್ಚಿ ಬೇರೆ ಕೋಣೆಯಲ್ಲಿಡಿ. ಒಂದು ರಾತ್ರಿ ಕಳೆದರೆ ಒಳ್ಳೆಯದು, ಕನಿಷ್ಠ ಒಂದು ಊಟದ ಹೊತ್ತಾದರೂ ಹೋಗಲಿ. ನಂತರ ವಿಷಯ ಗೊತ್ತಿಲ್ಲದ ಯಾರಿಗಾದರೂ, ಅಮ್ಮನಿಗೋ ಹಾಸ್ಟೆಲಿನ ಗೆಳತಿಗೋ, ಬಾಯಿಮಾತಿನಲ್ಲಿ ವಿವರಿಸಿ. ‘ನಾನು ನೋಡಿದೆನಲ್ಲ, ಆ ನಡುವಿನ ಕೆರೆ ಏಕೆ ಬತ್ತಿತು ಗೊತ್ತೇ?’ ಎಂದು ಶುರು ಮಾಡಿ.

ಹೀಗೆ ಹೇಳುವಾಗ ಎರಡು ಸಂಗತಿಗಳು ಬಯಲಾಗುತ್ತವೆ. ಎಲ್ಲಿ ತಡವರಿಸುತ್ತೀರೋ ಅಲ್ಲಿ ಮೂಲ ನಿಮಗೆ ಅರ್ಥವಾಗಿಲ್ಲ, ಮತ್ತೆ ಓದಬೇಕು. ಯಾವುದನ್ನು ಹೇಳಲು ಮರೆಯುತ್ತೀರೋ ಅದು ನಿಮ್ಮ ವರದಿಗೆ ಬಹುಶಃ ಬೇಕಿಲ್ಲ. ನಮ್ಮ ವಿದ್ಯಾರ್ಥಿನಿ ತೂಬು, ನೀರುಗಂಟಿಯ ವಿಷಯವನ್ನೇ ಹೇಳಲಿಲ್ಲ. ಅವಳ ಪ್ರಶ್ನೆಗೆ ನೀರು ಹೇಗೆ ಹಂಚುತ್ತಿದ್ದರೆಂಬುದು ಮುಖ್ಯವಲ್ಲ, ನೀರು ಕೆರೆಗೆ ಏಕೆ ಬರಲಿಲ್ಲ ಎಂಬುದು ಮುಖ್ಯ. ಬದಲಿಗೆ, ಕೇಳುತ್ತಿದ್ದ ಗೆಳತಿ ‘ಮೇಲಿನ ಕೆರೆ ತುಂಬುವುದಿಲ್ಲವೇ?’ ಎಂದಾಗ, ‘ತುಂಬುತ್ತದೆ, ಆದರೆ ನೀರು ಬರುವ ಕಾಲುವೆಯ ಮೇಲೆ ತೋಟ ಮಾಡಿದ್ದಾರೆ’ ಎಂಬ ಮಾತು ಬಂತು. ಆ ಮಾತು ಯಾವ ಪುಸ್ತಕದಲ್ಲೂ ಇಲ್ಲ, ಅವಳು ಕಣ್ಣಾರೆ ಕಂಡದ್ದು.

ನಾಲ್ಕನೆಯ ಹಂತ: ಚೀಟಿಯಿಂದ ಬರೆಯುವುದು

ಈಗ ಚೀಟಿ ಮಾತ್ರ ಎದುರಿಗಿರಲಿ. ಅವಳು ಬರೆದದ್ದು ಹೀಗಿದೆ ಎಂದುಕೊಳ್ಳಿ (ಊರು, ರೈತರ ಲೆಕ್ಕ ಎಲ್ಲ ಕಲ್ಪಿತ):

‘ನಾವು ನೋಡಿದ ಮೂರು ಕೆರೆಗಳಲ್ಲಿ ನಡುವಿನದು ಬತ್ತಿದ್ದಕ್ಕೆ ಕಾರಣವನ್ನು ಆ ಕೆರೆಯೊಳಗಷ್ಟೇ ಹುಡುಕಿದರೆ ಸಾಲದು. ಲೇಖಕ (2009, ಪು. 42) ತೋರಿಸುವಂತೆ, ಹಳೆಯ ಮೈಸೂರಿನ ಕೆರೆಗಳಲ್ಲಿ ಒಂದರ ಹೆಚ್ಚುವರಿ ನೀರೇ ಮುಂದಿನದಕ್ಕೆ ಆಧಾರ. ಈ ಏರ್ಪಾಡು ಕೆಟ್ಟದ್ದಕ್ಕೆ ಅವರು ಎರಡು ಕಾರಣ ಕೊಡುತ್ತಾರೆ: ನಿರ್ವಹಣೆ ಊರಿನಿಂದ ಇಲಾಖೆಗೆ ದಾಟಿದ್ದು ಮತ್ತು ರೈತರು ಕೊಳವೆಬಾವಿಯತ್ತ ಹೊರಳಿದ್ದು. ಎರಡನೆಯ ಕಾರಣ ನಮ್ಮ ಊರಿಗೂ ಹೊಂದುತ್ತದೆ. ಮಾತನಾಡಿಸಿದ ಹನ್ನೆರಡು ರೈತರಲ್ಲಿ ಒಂಬತ್ತು ಮಂದಿ ಈಗ ಕೆರೆಯ ನೀರನ್ನು ಬಳಸುವುದಿಲ್ಲ. ಮೊದಲನೆಯದರಿಂದ ಮಾತ್ರ ಇಲ್ಲಿನ ಸ್ಥಿತಿಯನ್ನು ವಿವರಿಸಲಾಗದು. ಇಲಾಖೆಯ ಉಸ್ತುವಾರಿಯಲ್ಲೇ ಇರುವ ಮೇಲಿನ ಕೆರೆ ಇಂದಿಗೂ ಕೋಡಿ ಬೀಳುತ್ತದೆ. ಆ ನೀರು ಹರಿದು ಬರಬೇಕಾದ ಕಾಲುವೆಯ ಮೇಲೆ ಈಗ ಅಡಿಕೆ ತೋಟವಿದೆ.’

ಮೂಲದ ಏಳು ವಾಕ್ಯಗಳ ಸಾರ ಇಲ್ಲಿ ಎರಡೇ ವಾಕ್ಯಗಳಲ್ಲಿ ಬಂದಿದೆ. ಉಳಿದದ್ದು ಅವಳದು: ಒಂದು ಪ್ರಶ್ನೆ, ಒಂದು ಒಪ್ಪಿಗೆ, ಒಂದು ತಕರಾರು. ‘ಕೋಡಿ ಬೀಳುತ್ತದೆ’ ಎಂಬುದನ್ನು ಅವಳು ಬದಲಿಸಲು ಹೋಗಿಲ್ಲ ಎಂಬುದನ್ನೂ ನೋಡಿ. ಕೋಡಿ, ತೂಬು, ಏರಿ, ಹೂಳು ಇವೆಲ್ಲ ಊರಿನ ಪದಗಳು, ಯಾವ ಲೇಖಕನ ಸ್ವತ್ತೂ ಅಲ್ಲ. ‘ಸರಪಳಿಯ ಕೊಂಡಿಗಳ ಹಾಗೆ’ ಎಂಬುದು ಲೇಖಕರು ಕಟ್ಟಿದ ಹೋಲಿಕೆ. ಅದನ್ನು ‘ಸಂಕೋಲೆ’ ಎಂದು ತಿರುಚುವ ಬದಲು ಅವಳು ಕೈಬಿಟ್ಟಿದ್ದಾಳೆ. ಪಾರಿಭಾಷಿಕ ಪದವನ್ನು ಹಾಗೇ ಇಡಿ, ಹೋಲಿಕೆಯನ್ನು ಬಿಡಿ ಅಥವಾ ಉದ್ಧರಿಸಿ.

‘ಊರಿನ ಕೈ ತಪ್ಪಿದ ಕೆರೆ ಇಲಾಖೆಯ ಕೈಗೆ ಹತ್ತಲೇ ಇಲ್ಲ’ ಎಂಬ ಮಾತು ಅಷ್ಟು ಇಷ್ಟವಾದರೆ ಅದನ್ನು ಹಾಗೇ ಉದ್ಧರಣ ಚಿಹ್ನೆಯೊಳಗಿಟ್ಟು ಪುಟಸಂಖ್ಯೆ ಕೊಡಿ. ಒಳ್ಳೆಯ ಮಾತನ್ನು ಸಪ್ಪೆ ಮಾಡಿ ಬರೆದರೆ ಅದು ಸ್ವಂತದ್ದೂ ಆಗುವುದಿಲ್ಲ, ಮೂಲದ ಸೊಗಸೂ ಉಳಿಯುವುದಿಲ್ಲ. ಆದರೆ ಪುಟಕ್ಕೆ ಇಂಥವು ಒಂದೆರಡಕ್ಕಿಂತ ಹೆಚ್ಚಾದರೆ ವರದಿ ಸುಭಾಷಿತ ಸಂಗ್ರಹದಂತೆ ಕಾಣುತ್ತದೆ.

ಐದನೆಯ ಹಂತ: ಹೆಸರು ಎಲ್ಲಿ ಬರಬೇಕು?

ಕನ್ನಡದಲ್ಲಿ ಬರೆಯುವವರು ಹೆಚ್ಚು ಎಡವುವುದು ಇಲ್ಲಿ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ‘ಕೆರೆಗಳ ಉಸ್ತುವಾರಿ ಇಲಾಖೆಗೆ ಹೋದದ್ದರಿಂದ ಊರಿನ ಹೊಣೆ ಸಡಿಲವಾಯಿತು ಎಂದು ಲೇಖಕ ಹೇಳುತ್ತಾರೆ’ ಎಂದು ಬರೆದರೆ, ಓದುಗ ಇಡೀ ವಾಕ್ಯವನ್ನು ನಿಮ್ಮ ಮಾತೆಂದೇ ಓದಿ, ತುದಿಯಲ್ಲಿ ಬೇರೊಬ್ಬರದೆಂದು ತಿಳಿಯುತ್ತಾನೆ. ಒಂದು ವಾಕ್ಯವಾದರೆ ಅಡ್ಡಿಯಿಲ್ಲ. ಮೂರು ವಾಕ್ಯ ಬರೆದು ಮೂರನೆಯದರ ಕೊನೆಗೆ ಹೆಸರು ಹಾಕಿದರೆ, ಮೊದಲ ಎರಡು ಯಾರವು? ಆದ್ದರಿಂದ ಹೆಸರನ್ನು ಮುಂದಕ್ಕೆ ತನ್ನಿ: ‘ಲೇಖಕ ತೋರಿಸುವಂತೆ’, ‘ಲೇಖಕರ ಪ್ರಕಾರ’. ಎರವಲು ಮುಂದುವರಿದರೆ ಮುಂದಿನ ವಾಕ್ಯದಲ್ಲಿ ‘ಅವರು’ ಎಂಬ ಕೊಂಡಿ ಇರಲಿ. ಎರವಲು ಮುಗಿದು ನಿಮ್ಮ ಮಾತು ಶುರುವಾದದ್ದೂ ಕಾಣಬೇಕು. ಮೇಲಿನ ಪ್ಯಾರಾದಲ್ಲಿ ‘ನಮ್ಮ ಊರಿಗೂ ಹೊಂದುತ್ತದೆ’ ಎಂಬಲ್ಲಿ ಆ ಗಡಿಕಲ್ಲು ಇದೆ.

‘ಎಂದು’ ಎಂಬ ಪದಕ್ಕೆ ಇನ್ನೊಂದು ಗುಣವಿದೆ. ಅಕ್ಷರಶಃ ಉದ್ಧರಣೆಗೂ ಸಾರ ಹೇಳುವುದಕ್ಕೂ ನಾವು ಅದನ್ನೇ ಬಳಸುತ್ತೇವೆ. ಹಾಗಾಗಿ ಎರಡನ್ನೂ ಬೇರ್ಪಡಿಸುವ ಕೆಲಸವನ್ನು ಉದ್ಧರಣ ಚಿಹ್ನೆಯೊಂದೇ ಮಾಡಬೇಕು. ಚಿಹ್ನೆ ಬಿಟ್ಟುಹೋದರೆ ವ್ಯಾಕರಣ ನಿಮ್ಮ ನೆರವಿಗೆ ಬರುವುದಿಲ್ಲ.

‘ಎನ್ನಲಾಗಿದೆ’, ‘ಎಂದು ಹೇಳಲಾಗುತ್ತದೆ’, ‘ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ’ ಎಂಬ ಪ್ರಯೋಗಗಳನ್ನು ಕಂಡಲ್ಲೆಲ್ಲ ಕೆಂಪು ಗೆರೆ ಎಳೆಯಿರಿ. ಯಾರು ಹೇಳಿದರು? ಸಾಲ ತಂದಿದ್ದೇನೆ ಎಂದು ಒಪ್ಪಿಕೊಂಡು, ಯಾರಿಂದ ಎಂದು ಮಾತ್ರ ಹೇಳದಂತಾಯಿತು. ಕ್ರಿಯಾಪದದ ತೂಕವನ್ನೂ ನೋಡಿಕೊಳ್ಳಿ. ದಾಖಲೆ ಕೊಟ್ಟಿದ್ದರೆ ‘ತೋರಿಸುತ್ತಾರೆ’, ಅಭಿಪ್ರಾಯವಾದರೆ ‘ವಾದಿಸುತ್ತಾರೆ’, ಅನುಮಾನದಿಂದ ಹೇಳಿದ್ದರೆ ‘ಊಹಿಸುತ್ತಾರೆ’.

ಲೇಖಕರ ಹೆಸರನ್ನು ಹೇಗೆ ಬರೆಯಬೇಕೆಂಬ ಗೊಂದಲವೂ ಇದೆ. ಪಾಶ್ಚಾತ್ಯ ಪದ್ಧತಿಯಲ್ಲಿ ಕೊನೆಯ ಹೆಸರು ಮೊದಲು ಬರುತ್ತದೆ. ನಮ್ಮಲ್ಲಿ ಎಷ್ಟೋ ಜನರಿಗೆ ಅಂಥ ಮನೆತನದ ಹೆಸರೇ ಇರುವುದಿಲ್ಲ, ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳಿರುತ್ತವೆ. ನಿಮ್ಮ ವಿಭಾಗದ ನಿಯಮ ಬೇರೆ ಏನನ್ನೂ ಹೇಳದಿದ್ದರೆ, ಪುಸ್ತಕದ ಒಳಪುಟದಲ್ಲಿ ಇರುವ ಹಾಗೆ ಬರೆದು ವರದಿಯುದ್ದಕ್ಕೂ ಅದನ್ನೇ ಪಾಲಿಸಿ. ಲೇಖಕರು ತಾವೇ ಹಳೆಯ ಗೆಜೆಟಿಯರಿನಿಂದ ಎತ್ತಿಕೊಂಡ ಮಾತನ್ನು ನೀವು ಬಳಸುವುದಾದರೆ, ಗೆಜೆಟಿಯರನ್ನು ಓದಿದಂತೆ ನಟಿಸಬೇಡಿ. ‘ಲೇಖಕ (2009, ಪು. 42) ಉದ್ಧರಿಸಿರುವಂತೆ’ ಎಂದರೆ ಸಾಕು.

ಇಂಗ್ಲಿಷಿನಿಂದ ತಂದಾಗ

ಮೂಲ ಇಂಗ್ಲಿಷಿನಲ್ಲಿದ್ದು ವರದಿ ಕನ್ನಡದಲ್ಲಿದ್ದರೆ, ಅನುವಾದ ಮಾಡಿದ್ದೇ ಸ್ವಂತ ಬರಹ ಎಂದು ಬಹಳ ಜನ ತಿಳಿದಿದ್ದಾರೆ. ಸಾಲಿಗೆ ಸಾಲು ಅನುವಾದಿಸಿದ್ದು ಭಾಷೆ ಬದಲಾದ ನಕಲು, ಅಷ್ಟೇ. ಅದನ್ನು ಹಿಡಿಯುವುದೂ ಕಷ್ಟವಲ್ಲ. ಪುಟಪೂರ್ತಿ ‘ಮಹತ್ವದ ಪಾತ್ರ ವಹಿಸಿದವು’, ‘ಬೆಳಕು ಚೆಲ್ಲುತ್ತದೆ’ ಎಂಬಂಥ ಮಾತು ಕಂಡರೆ ಹಿಂದೆ ಯಾವ ಭಾಷೆ ನಿಂತಿದೆಯೆಂದು ಗೊತ್ತಾಗುತ್ತದೆ. ಅನುವಾದವನ್ನೇ ಇಡುವುದಾದರೆ ಉದ್ಧರಣ ಚಿಹ್ನೆ ಹಾಕಿ, ಪುಟಸಂಖ್ಯೆಯ ಜೊತೆ ‘ಅನುವಾದ ನನ್ನದು’ ಎಂದು ಬರೆಯಿರಿ. ಇಲ್ಲವಾದರೆ ಇಲ್ಲೂ ಅದೇ ದಾರಿ: ಚೀಟಿ ಮಾಡಿ, ಪುಸ್ತಕ ಮುಚ್ಚಿ. ಚೀಟಿಯನ್ನು ಮೊದಲಿನಿಂದಲೇ ಕನ್ನಡದಲ್ಲಿ ಬರೆದುಕೊಂಡರೆ ಇಂಗ್ಲಿಷಿನ ವಾಕ್ಯ ಬೆನ್ನು ಬಿಡುತ್ತದೆ.

ಶೇಕಡಾವಾರು ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಯುಜಿಸಿಯ 2018ರ ನಿಯಮಾವಳಿ ಬೇರೆಯವರ ಬರಹದೊಂದಿಗಿನ ಹೋಲಿಕೆಯನ್ನು ನಾಲ್ಕು ಮಟ್ಟಗಳಾಗಿ ವಿಂಗಡಿಸಿದೆ. ಶೇ 10ರವರೆಗೆ ದಂಡವಿಲ್ಲ. ಪ್ರಬಂಧದಲ್ಲಿ ಶೇ 10ರಿಂದ 40ರವರೆಗೆ ಹೋಲಿಕೆ ಇದ್ದರೆ ಆರು ತಿಂಗಳು ಮೀರದ ಅವಧಿಯಲ್ಲಿ ತಿದ್ದಿ ಕೊಡಬೇಕು. 60ರವರೆಗೆ ಹೋದರೆ ಒಂದು ವರ್ಷ ತಿದ್ದಿದ ಪ್ರತಿಯನ್ನು ಸಲ್ಲಿಸುವಂತಿಲ್ಲ. ಅದನ್ನೂ ಮೀರಿದರೆ ನೋಂದಣಿಯೇ ರದ್ದಾಗುತ್ತದೆ. ಮೂಲವನ್ನು ಹೆಸರಿಸಿದ ಉದ್ಧರಣೆಗಳು, ಗ್ರಂಥಸೂಚಿ, ಪರಿವಿಡಿ, ಕೃತಜ್ಞತೆ ಮುಂತಾದವು ಈ ಲೆಕ್ಕದಿಂದ ಹೊರಗೆ.

ಈ ಹತ್ತನ್ನು ಕೆಲವರು ರಿಯಾಯಿತಿ ಎಂದು ಓದುತ್ತಾರೆ. ಆದರೆ ತಂತ್ರಾಂಶ ಕೊಡುವ ಹೋಲಿಕೆ ವರದಿ ಅಕ್ಷರಗಳ ಹೊಂದಿಕೆಯನ್ನು ಮಾತ್ರ ಅಳೆಯುತ್ತದೆ. ಮೇಲಿನ ತೇಪೆ ಪ್ಯಾರಾ ಅದರ ಕಣ್ಣಿಗೆ ಬೀಳದೆ ಹೋಗಬಹುದು, ಮೌಖಿಕ ಪರೀಕ್ಷೆಗೆ ಬಂದ ಪರೀಕ್ಷಕರ ಕಣ್ಣು ತಪ್ಪಿಸುವುದಿಲ್ಲ. ‘ಕೋಡಿ ಒಡೆದರೆ ಏನಾಗುತ್ತದೆ?’ ಎಂದು ಅವರು ಕೇಳಿದರೆ ಮುಗಿಯಿತು. ಕನ್ನಡದ ವರದಿಗಳಲ್ಲಿ ಇನ್ನೂ ಒಂದು ತೊಡಕಿದೆ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಕಡತ, ಯೂನಿಕೋಡ್ ಅಲ್ಲದ ಕಾರಣ, ತಂತ್ರಾಂಶಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಅಂಥ ಕಡತಕ್ಕೆ ಬಂದ ಸೊನ್ನೆ ಶೇಕಡಾ ಯಾವುದಕ್ಕೂ ಸಾಕ್ಷಿಯಲ್ಲ. ಯೂನಿಕೋಡಿಗೆ ಪರಿವರ್ತಿಸಿದ ಮೇಲೆ ತಪಾಸಣೆಗೆ ಕೊಡಿ.

ಕೊನೆಯ ತಪಾಸಣೆ

ಈಗ ಪುಸ್ತಕವನ್ನು ಮತ್ತೆ ತೆರೆಯಿರಿ. ಎರಡೂ ಪ್ಯಾರಾಗಳನ್ನು ಅಕ್ಕಪಕ್ಕ ಇಟ್ಟು, ಸತತ ನಾಲ್ಕೈದು ಪದ ಹೊಂದುವ ಕಡೆ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಇದು ನನ್ನ ಅಳತೆ, ಯಾವ ನಿಯಮವೂ ಅಲ್ಲ. ಗೆರೆಯ ಕೆಳಗಿರುವುದು ‘ಹಳೆಯ ಮೈಸೂರಿನ ಕೆರೆಗಳು’ ಎಂಬಂಥ ಹೆಸರಾದರೆ ಬಿಡಿ. ಹೇಳುವ ರೀತಿಯೇ ಹೊಂದಿದ್ದರೆ ಆ ವಾಕ್ಯವನ್ನು ತಿದ್ದಬೇಡಿ, ಅಳಿಸಿ. ತಿದ್ದಲು ಕುಳಿತರೆ ಮತ್ತೆ ತೇಪೆಯೇ ಬೀಳುತ್ತದೆ. ಚೀಟಿಗೆ ಮರಳಿ ಹೊಸದಾಗಿ ಬರೆಯಿರಿ.

ಆಮೇಲೆ ಅರ್ಥವನ್ನು ತೂಗಿ ನೋಡಿ. ನಮ್ಮ ವಿದ್ಯಾರ್ಥಿನಿ ಹೀಗೆ ನೋಡುವಾಗ ತನ್ನ ಮೊದಲ ಕರಡಿನಲ್ಲಿ ‘ಇಲಾಖೆಗೆ ಹೋದ ಮೇಲೆ ಊರಿನ ಹೊಣೆ ಕೊನೆಗೊಂಡಿತು’ ಎಂದು ಬರೆದಿರುವುದನ್ನು ಕಂಡಳು. ಲೇಖಕರು ‘ಸಡಿಲವಾಯಿತು’ ಎಂದಷ್ಟೇ ಹೇಳಿದ್ದರು. ಅವರು ಹೇಳದ ಮಾತಿಗೆ ಅವರ ಹೆಸರು ಅಂಟಿತ್ತು. ಆ ಸಾಲನ್ನು ಹೊಡೆದುಹಾಕಿ ‘ದಾಟಿದ್ದು’ ಎಂದು ಬರೆದಳು, ಪುಟ 42 ಹೌದೇ ಎಂದು ಇನ್ನೊಮ್ಮೆ ನೋಡಿ, ಪುಸ್ತಕವನ್ನು ಗ್ರಂಥಾಲಯಕ್ಕೆ ಹಿಂದಿರುಗಿಸಿದಳು.